ಖಾಲಿ ಸಾಲುಗಳ ಭಾರ

ಅರಕೆರೆ ಹೋಬಳಿಯ ಊರುಗಳಲ್ಲಿ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಡೇರಿಯ ಮುಂದೆ ಸಾಲು ನಿಲ್ಲುತ್ತದೆ. ಸದಸ್ಯರು ತಂದ ಹಾಲನ್ನು ಅಳೆಯುತ್ತಾರೆ. ಯಂತ್ರ ಫ್ಯಾಟ್ ಮತ್ತು ಎಸ್‌ಎನ್‌ಎಫ್ ತೋರಿಸುತ್ತದೆ, ಅದಕ್ಕೆ ತಕ್ಕ ದರ ಬೀಳುತ್ತದೆ, ಒಂದು ಚೀಟಿ ಕೈಗೆ ಬರುತ್ತದೆ. ಹಾಲು ಗೆಜ್ಜಲಗೆರೆಯಲ್ಲಿರುವ ಮಂಡ್ಯ ಜಿಲ್ಲಾ ಹಾಲು ಒಕ್ಕೂಟದ ಕಡೆಗೆ ಹೋಗುತ್ತದೆ, ಲೆಕ್ಕ ಮಾತ್ರ ಊರಿನ ಸಂಘದಲ್ಲೇ ಉಳಿಯುತ್ತದೆ. ಬಟವಾಡೆಗೆ, ಪ್ರೋತ್ಸಾಹಧನದ ತಾಳೆಗೆ, ವರ್ಷದ ಕೊನೆಗೆ ಬೋನಸ್ ಹಂಚುವುದಕ್ಕೆ ಆ ಲೆಕ್ಕ ಬೇಕೇ ಬೇಕು. ಅದನ್ನೆಲ್ಲ ಒಂದೇ ಎಕ್ಸೆಲ್ ಫೈಲಿಗೆ ತುಂಬುತ್ತಾ ಹೋದರೆ ಒಂದು ದಿನ ಫೈಲ್ ತೆರೆಯುವಾಗ ಪರದೆಯ ಮೇಲೆ ಈ ಸಾಲು ಬರುತ್ತದೆ:

```
There isn't enough memory to complete this action.
```

ಇದನ್ನು ಓದಿದವರ ಬಾಯಲ್ಲಿ ಮೊದಲು ಬರುವ ಮಾತು, "ಮೆಮೊರಿ ಸಾಲ್ದು ಅಂತದೆ ಕಣಣ್ಣ, ರ‍್ಯಾಮ್ ಹಾಕ್ಸಿಬುಡನಾ?" ಹಾಕಿಸಬಹುದು. ಆದರೆ ರ‍್ಯಾಮ್ ಎರಡರಷ್ಟಾದ ಮೇಲೂ ಅದೇ ಫೈಲ್ ಅದೇ ಸಾಲನ್ನು ತೋರಿಸುವುದು ಅಪರೂಪವೇನಲ್ಲ. ಎಕ್ಸೆಲ್ ಸಾಲದು ಎನ್ನುತ್ತಿರುವ ಮೆಮೊರಿ ಯಾವುದು, ಅದನ್ನು ತಿಂದವರು ಯಾರು ಎಂಬುದು ಗೊತ್ತಾಗದೆ ಮಾಡಿದ ಖರ್ಚು ಅದು.

ಒಂದು ಡೇರಿಯ ನಾಲ್ಕು ವರ್ಷ

ಲೆಕ್ಕಕ್ಕೆಂದು ಒಂದು ಸಂಘವನ್ನು ಊಹಿಸಿಕೊಳ್ಳೋಣ. ಹಾಲು ಹಾಕುವ ಸದಸ್ಯರು 300 ಮಂದಿ, ಎಲ್ಲರೂ ಎರಡು ಹೊತ್ತೂ ಹಾಕುತ್ತಾರೆ. ಪ್ರತಿ ಸಲದ ಹಾಲಿಗೆ ಹಾಳೆಯಲ್ಲಿ ಒಂದು ಸಾಲು. ದಿನಕ್ಕೆ 600 ಸಾಲು, 365 ದಿನಕ್ಕೆ 2,19,000 ಸಾಲು, ನಾಲ್ಕು ವರ್ಷಕ್ಕೆ 8,76,000 ಸಾಲು. ಒಂದೊಂದು ಸಾಲಿನಲ್ಲೂ ಹತ್ತು ಕಾಲಂ: ದಿನಾಂಕ, ಹೊತ್ತು, ಸದಸ್ಯರ ಸಂಖ್ಯೆ, ಹೆಸರು, ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ, ಮೊತ್ತ, ಪ್ರೋತ್ಸಾಹಧನ. ಒಟ್ಟು 87,60,000 ಸೆಲ್. ಹಸು ಬತ್ತಿದಾಗ ಹಾಲು ಹಾಕದವರನ್ನು ಕಳೆದರೆ ನಿಜವಾದ ಸಂಖ್ಯೆ ಇದಕ್ಕಿಂತ ಕಡಿಮೆಯೇ ಬರುತ್ತದೆ.

ಈ ಹತ್ತರಲ್ಲಿ ಹೆಸರು, ದರ, ಮೊತ್ತ, ಪ್ರೋತ್ಸಾಹಧನ ಈ ನಾಲ್ಕೂ ಫಾರ್ಮುಲಾಗಳು. ಹೊಸ ದಾಖಲೆ ಸೇರಿಸಿದಾಗಲೆಲ್ಲ ಫಾರ್ಮುಲಾ ಎಳೆಯುವ ತಾಪತ್ರಯ ಬೇಡವೆಂದು ಅವನ್ನು ಒಂದೇ ಸಲ ಹಾಳೆಯ ತಳದವರೆಗೂ ಎಳೆದಿಟ್ಟಿದ್ದಾರೆ. ಸದಸ್ಯರ ಸಂಖ್ಯೆ ಇಲ್ಲದಿದ್ದರೆ ಖಾಲಿ ಕಾಣಲಿ ಎಂದು ಹೀಗೆ ಬರೆದಿದ್ದಾರೆ:

```
=IF(C2="","",VLOOKUP(C2,Members!A:B,2,FALSE))
```

ಪ್ರಿಂಟ್ ಚೆನ್ನಾಗಿ ಬರಲಿ ಎಂದು ಎಲ್ಲ ಹತ್ತು ಕಾಲಂಗಳಿಗೂ ತಳದವರೆಗೆ ಬಾರ್ಡರ್ ಕೂಡ ಎಳೆದಿದ್ದಾರೆ. ಈಗಿನ ಎಕ್ಸೆಲ್ ಹಾಳೆಯ ತಳ ಎಂದರೆ 10,48,576ನೇ ಸಾಲು. ದಾಖಲೆ ಮುಗಿಯುವುದು ತಲೆಸಾಲೂ ಸೇರಿ 8,76,001ನೇ ಸಾಲಿಗೆ. ಅದರ ಕೆಳಗೆ 1,72,575 ಸಾಲುಗಳು ಕಣ್ಣಿಗೆ ಖಾಲಿ. ಎಕ್ಸೆಲ್ ಪಾಲಿಗೆ ಮಾತ್ರ ಅಲ್ಲಿ 6,90,300 ಫಾರ್ಮುಲಾಗಳಿವೆ, ಬಾರ್ಡರ್ ಹೊತ್ತ 10,35,450 ಖಾಲಿ ಸೆಲ್‌ಗಳಿವೆ. ಒಂದು ತೊಟ್ಟು ಹಾಲಿನ ಲೆಕ್ಕವೂ ಇಲ್ಲದ 17 ಲಕ್ಷ ಸೆಲ್‌ಗಳನ್ನು ಅದು ಪ್ರತಿ ಸಲವೂ ಎತ್ತಿ ಮೆಮೊರಿಗೆ ತರಬೇಕು.

ಫೈಲಿನ ಹೊಟ್ಟೆಯೊಳಗೆ

ಇದನ್ನು ಕಣ್ಣಾರೆ ನೋಡುವ ದಾರಿಯಿದೆ. `.xlsx` ಫೈಲ್ ಎನ್ನುವುದು ಹಲವು ಪಠ್ಯ ಫೈಲುಗಳನ್ನು ಒತ್ತಿ ಕಟ್ಟಿದ ಒಂದು ಜಿಪ್ ಗಂಟು. ಫೈಲಿನ ಒಂದು ನಕಲು ಮಾಡಿ, ಆ ನಕಲಿನ ಹೆಸರಿನ ಕೊನೆಯಲ್ಲಿರುವ `.xlsx` ಅನ್ನು `.zip` ಎಂದು ಬದಲಿಸಿ ತೆರೆಯಿರಿ. ಒಳಗೆ `xl`, ಅದರೊಳಗೆ `worksheets` ಎಂಬ ಫೋಲ್ಡರ್ ಸಿಗುತ್ತದೆ. ಅಲ್ಲಿ ಹಾಳೆಗೊಂದರಂತೆ `sheet1.xml`, `sheet2.xml` ಇರುತ್ತವೆ. ನಮ್ಮ ಡೇರಿ ಹಾಳೆಯ ತಳಭಾಗದಲ್ಲಿ ಬಾರ್ಡರ್ ಇರುವ ಒಂದು ಖಾಲಿ ಸೆಲ್ ಹೀಗೆ ಬರೆದಿರುತ್ತದೆ:

```
<c r="A880001" s="7"/>
```

880001ನೇ ಸಾಲಿನ A ಕಾಲಂನ ಸೆಲ್‌ಗೆ 7ನೇ ನಮೂನೆಯ ಅಲಂಕಾರವಿದೆ ಎಂದಷ್ಟೇ ಇದರ ಅರ್ಥ. ಮೌಲ್ಯವೇನೂ ಇಲ್ಲ. ಆದರೂ 22 ಅಕ್ಷರ ಹಿಡಿಯಿತು. ಇಂಥವು 10,35,450 ಇದ್ದರೆ ಎರಡು ಕೋಟಿಗೂ ಹೆಚ್ಚು ಅಕ್ಷರ. ಅಷ್ಟೂ ಒಂದೇ ಥರ ಇರುವುದರಿಂದ ಜಿಪ್ ಅವನ್ನು ಸೊಗಸಾಗಿ ಹಿಂಡಿಬಿಡುತ್ತದೆ, ಡಿಸ್ಕಿನಲ್ಲಿ ಫೈಲ್ ಸಣ್ಣದಾಗಿಯೇ ಕಾಣುತ್ತದೆ. ಎಕ್ಸೆಲ್ ತೆರೆದಾಗ ಗಂಟು ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಫೈಲಿನ ಗಾತ್ರ ನೋಡಿ ಮೆಮೊರಿಯ ಹೊರೆ ಅಂದಾಜು ಮಾಡಿದರೆ ಮೋಸ ಹೋಗುತ್ತೇವೆ. ಜಿಪ್ ಫೋಲ್ಡರಿನಲ್ಲಿ `Compressed size` ಮತ್ತು `Size` ಎಂಬ ಎರಡು ಕಾಲಂ ಕಾಣುತ್ತವೆ. ಇವೆರಡರಲ್ಲಿ ಎರಡನೆಯದನ್ನು ನೋಡಬೇಕು. ಯಾವ ಹಾಳೆ ನಿಜವಾಗಿ ಭಾರ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ. ಎಕ್ಸೆಲ್‌ನಲ್ಲಿ ತೆರೆಯದೇ ಇರುವ ಫೈಲನ್ನೂ ಹೀಗೆ ಪರೀಕ್ಷಿಸಬಹುದು.

ಇಲ್ಲೊಂದು ಸೂಕ್ಷ್ಮವಿದೆ. ಕಾಲಂನ ತಲೆಯ ಮೇಲೆ ಕ್ಲಿಕ್ ಮಾಡಿ ಇಡೀ ಕಾಲಂಗೆ ಒಂದೇ ಅಲಂಕಾರ ಕೊಟ್ಟರೆ ಎಕ್ಸೆಲ್ ಅದನ್ನು ಸಾಮಾನ್ಯವಾಗಿ ಕಾಲಂಗೆ ಒಂದೇ ಸಾಲಿನಲ್ಲಿ ಬರೆದುಕೊಳ್ಳುತ್ತದೆ, ಹೊರೆ ಬೀಳುವುದಿಲ್ಲ. ಸೆಲ್‌ಗಳನ್ನು ಆಯ್ದುಕೊಂಡು Ctrl+Shift+↓ ಒತ್ತಿ ತಳದವರೆಗೆ ಹೋಗಿ ಬಾರ್ಡರ್ ಎಳೆದಾಗ ಮಾತ್ರ ಪ್ರತಿ ಸೆಲ್‌ಗೂ ಬೇರೆ ಬೇರೆ ದಾಖಲೆ ಹುಟ್ಟುತ್ತದೆ. ನೋಡಲು ಎರಡೂ ಒಂದೇ ಥರ.

ಗೋಡೆ ಎಲ್ಲಿದೆ

ಇನ್ನು ಮೆಮೊರಿಯ ವಿಷಯ. ರ‍್ಯಾಮ್‌ನ ಪ್ರತಿ ಬೈಟ್‌ಗೂ ಪ್ರೋಗ್ರಾಂ ಒಂದು ವಿಳಾಸ ಸಂಖ್ಯೆ ಇಟ್ಟುಕೊಂಡು ಮಾತಾಡುತ್ತದೆ. ಬಡಾವಣೆಯ ಬಾಗಿಲು ಸಂಖ್ಯೆಗೆ ನಾಲ್ಕೇ ಅಂಕಿ ಎಂದು ಕಟ್ಟುಮಾಡಿದರೆ 9999ರ ಆಚೆ ಎಷ್ಟು ಮನೆ ಕಟ್ಟಿದರೂ ಅಂಚೆಯವನಿಗೆ ಅವು ಇಲ್ಲ. 32-ಬಿಟ್ ಪ್ರೋಗ್ರಾಂನ ಕಥೆಯೂ ಇದೇ. 32 ಬಿಟ್‌ಗಳಲ್ಲಿ ಬರೆಯಬಹುದಾದ ವಿಳಾಸಗಳು 429 ಕೋಟಿ ಚಿಲ್ಲರೆ, ಅಂದರೆ 4 ಜಿಬಿ. ವಿಂಡೋಸ್ ವಾಡಿಕೆಯಾಗಿ ಅದರಲ್ಲಿ ಅರ್ಧವನ್ನು ತನಗಿಟ್ಟುಕೊಂಡು ಪ್ರೋಗ್ರಾಂಗೆ 2 ಜಿಬಿ ಮಾತ್ರ ಕೊಡುತ್ತಿತ್ತು. 2016ರಲ್ಲಿ ಮೈಕ್ರೋಸಾಫ್ಟ್ ಒಂದು ಪರಿಷ್ಕರಣೆ ತಂದ ಮೇಲೆ 64-ಬಿಟ್ ವಿಂಡೋಸ್ ಮೇಲೆ ಓಡುವ 32-ಬಿಟ್ ಎಕ್ಸೆಲ್‌ಗೆ ಪೂರ್ತಿ 4 ಜಿಬಿ ಸಿಗುವಂತಾಯಿತು. ಅದಕ್ಕಿಂತ ಹಿಂದಿನ ಎಕ್ಸೆಲ್ 2 ಜಿಬಿಯಲ್ಲೇ ಉಳಿದಿದೆ. ಕಂಪ್ಯೂಟರಿನಲ್ಲಿ 16 ಜಿಬಿ ರ‍್ಯಾಮ್ ಇದ್ದರೂ ಈ ಗೋಡೆ ಅಲುಗುವುದಿಲ್ಲ.

ಆ ಜಾಗವೂ ಫೈಲಿಗೊಂದೇ ಮೀಸಲಲ್ಲ. ಎಕ್ಸೆಲ್‌ನ ಸ್ವಂತ ಕೋಡ್, ಆಡ್-ಇನ್‌ಗಳು, ಅದೇ ಹೊತ್ತಿಗೆ ತೆರೆದಿರುವ ಬೇರೆ ವರ್ಕ್‌ಬುಕ್‌ಗಳು ಎಲ್ಲಕ್ಕೂ ಅದರಲ್ಲೇ ಪಾಲು. ಜೊತೆಗೆ ಕೆಲವು ಕೆಲಸಕ್ಕೆ ಒಂದೇ ಕಡೆ ದೊಡ್ಡ ತುಂಡು ಜಾಗ ಬೇಕಾಗುತ್ತದೆ. ಅಲ್ಲಲ್ಲಿ ಚೂರುಚೂರಾಗಿ ಜಾಗ ಉಳಿದಿದ್ದರೂ ಆ ತುಂಡು ಸಿಗದಿದ್ದರೆ ಎಕ್ಸೆಲ್ ಕೈಚೆಲ್ಲುತ್ತದೆ. ಆದ್ದರಿಂದ ಮಿತಿ ಮುಟ್ಟುವ ಎಷ್ಟೋ ಮೊದಲೇ ಸಂದೇಶ ಬರಬಹುದು.

ನಿಮ್ಮ ಎಕ್ಸೆಲ್ ಯಾವುದೆಂದು ತಿಳಿಯಲು `File`, `Account`, `About Excel` ಒತ್ತಿ. ಮೇಲಿನ ಸಾಲಿನಲ್ಲಿ `32-bit` ಅಥವಾ `64-bit` ಎಂದು ಬರೆದಿರುತ್ತದೆ. ಆಫೀಸ್ 2019ರಿಂದ ಈಚೆಗೆ 64-ಬಿಟ್ ತಾನಾಗಿಯೇ ಕೂರುತ್ತದೆ. ಅದಕ್ಕೂ ಹಿಂದೆ, ವಿಂಡೋಸ್ 64-ಬಿಟ್ ಆಗಿದ್ದರೂ, ಬೇರೆ ಆಯ್ಕೆ ಮಾಡದಿದ್ದರೆ 32-ಬಿಟ್ ಆಫೀಸೇ ಕೂರುತ್ತಿತ್ತು. ಹಳೆಯ ಯಂತ್ರಗಳಲ್ಲಿ ಅದು ಹಾಗೆಯೇ ಉಳಿದಿರುತ್ತದೆ.

ಗೋಡೆಗೆ ತಾಗಿದ್ದೀರೋ, ನಿಜಕ್ಕೂ ರ‍್ಯಾಮ್ ಸಾಲದೋ ಎಂಬುದನ್ನು ಟಾಸ್ಕ್ ಮ್ಯಾನೇಜರ್ ಹೇಳುತ್ತದೆ. Ctrl+Shift+Esc ಒತ್ತಿ ಅದನ್ನು ಪಕ್ಕದಲ್ಲಿಟ್ಟುಕೊಂಡು ಫೈಲ್ ತೆರೆಯಿರಿ. 32-ಬಿಟ್ ಎಕ್ಸೆಲ್‌ನ ಬಳಕೆ 2 ಅಥವಾ 4 ಜಿಬಿಯ ಹತ್ತಿರ ಹೋಗಿ ನಿಂತು, ಕಂಪ್ಯೂಟರಿನ ಒಟ್ಟು ಮೆಮೊರಿಯಲ್ಲಿ ಇನ್ನೂ ಜಾಗವಿದ್ದರೆ ಅದು ವಿಳಾಸದ ಗೋಡೆ, ರ‍್ಯಾಮ್ ಕೊಂಡು ಪ್ರಯೋಜನವಿಲ್ಲ. ಒಟ್ಟು ಮೆಮೊರಿಯ ಬಳಕೆಯೇ ಶೇಕಡ ನೂರರ ಹತ್ತಿರ ಹೋಗಿ ಯಂತ್ರವೆಲ್ಲ ತೆವಳತೊಡಗಿದರೆ ರ‍್ಯಾಮ್ ಕೊರತೆ. ಎಕ್ಸೆಲ್ ಕೆಲವು ನೂರು ಎಂಬಿ ಕೂಡ ಮುಟ್ಟದೆ, ತೆರೆದ ಕೂಡಲೇ ಸಂದೇಶ ಬಂದರೆ ಗಾತ್ರವನ್ನು ಬಿಟ್ಟು ಬೇರೆ ಕಾರಣ ಹುಡುಕಬೇಕು. ಇಮೇಲ್ ಅಥವಾ ವಾಟ್ಸ್‌ಆ್ಯಪ್‌ನಿಂದ ಇಳಿಸಿಕೊಂಡ ಫೈಲಿಗೆ ವಿಂಡೋಸ್ ತಡೆ ಹಾಕಿರಬಹುದು. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ `Properties`ನಲ್ಲಿ `Unblock` ಇದ್ದರೆ ಗುರುತು ಹಾಕಿ. ಫೈಲ್ ಕಳಿಸಿದವರು ನಂಬಿಕಸ್ಥರಾಗಿದ್ದರೆ ಮಾತ್ರ. ಅದರಿಂದಲೂ ಆಗದಿದ್ದರೆ ಫೈಲ್ ಕೆಟ್ಟಿದೆಯೇ ಎಂದು ಅನುಮಾನಿಸಬೇಕು.

ಮೊದಲು ಬಾಗಿಲು ತೆರೆಯಬೇಕು

ಭಾರ ಇಳಿಸಲು ಫೈಲ್ ಒಮ್ಮೆಯಾದರೂ ತೆರೆಯಬೇಕಲ್ಲ. ನಕಲು ಮಾಡಿಟ್ಟುಕೊಂಡು ಮುಂದುವರಿಯಿರಿ. ಎಕ್ಸೆಲ್ ಪೂರ್ತಿ ಮುಚ್ಚಿ, Win+R ಒತ್ತಿ `excel /safe` ಎಂದು ಬರೆದು ಎಂಟರ್ ಕೊಟ್ಟರೆ ಆಡ್-ಇನ್‌ಗಳಿಲ್ಲದೆ ತೆರೆದುಕೊಳ್ಳುತ್ತದೆ. ಒಂದು ಖಾಲಿ ವರ್ಕ್‌ಬುಕ್‌ನಲ್ಲಿ `Formulas`, `Calculation Options`, `Manual` ಆರಿಸಿ. ಅದಾದ ಮೇಲೆ `File`, `Open` ಮೂಲಕ ದೊಡ್ಡ ಫೈಲ್ ತೆರೆಯಿರಿ. ಲೆಕ್ಕ ತಾನಾಗಿ ನಡೆಯಬೇಕೋ ಬೇಡವೋ ಎಂಬುದನ್ನು ಎಕ್ಸೆಲ್ ತಾನು ಮೊದಲು ತೆರೆದ ವರ್ಕ್‌ಬುಕ್‌ನಿಂದ ಕಲಿಯುತ್ತದೆ. ದೊಡ್ಡ ಫೈಲಿನ ಮೇಲೆ ನೇರವಾಗಿ ಡಬಲ್ ಕ್ಲಿಕ್ ಮಾಡಿದರೆ ಈ ಅವಕಾಶ ತಪ್ಪಿಹೋಗುತ್ತದೆ.

ಹೀಗೂ ತೆರೆಯದಿದ್ದರೆ ಫೈಲನ್ನು ತೆರೆಯುವ ಬದಲು ಅದರೊಳಗಿನ ದಾಖಲೆಯನ್ನು ಮಾತ್ರ ಹೊರಗೆಳೆಯಬಹುದು. ಹೊಸ ವರ್ಕ್‌ಬುಕ್‌ನಲ್ಲಿ `Data`, `Get Data`, `From File` ಮೂಲಕ ಆ ವರ್ಕ್‌ಬುಕ್ ತೋರಿಸಿ. ಇದು ಪವರ್ ಕ್ವೆರಿ. ಅದು ಬಾರ್ಡರ್, ಬಣ್ಣ, ಫಾರ್ಮುಲಾ ಯಾವುದನ್ನೂ ತರುವುದಿಲ್ಲ, ಕೊನೆಯ ಸಲ ಸೇವ್ ಮಾಡಿದಾಗ ಸೆಲ್‌ಗಳಲ್ಲಿದ್ದ ಮೌಲ್ಯಗಳನ್ನು ಮಾತ್ರ ಓದುತ್ತದೆ. ಬೇಡದ ಕಾಲಂಗಳನ್ನು, ಸದಸ್ಯರ ಸಂಖ್ಯೆ ಇಲ್ಲದ ಸಾಲುಗಳನ್ನು ಅಲ್ಲೇ ಬಿಟ್ಟು ಬರಬಹುದು.

ತಳ ಕತ್ತರಿಸುವುದು

ಫೈಲ್ ತೆರೆದುಕೊಂಡಿತು ಎನ್ನೋಣ. Ctrl+End ಒತ್ತಿ. ಎಕ್ಸೆಲ್ ತಾನು ಬಳಕೆಯಲ್ಲಿದೆ ಎಂದುಕೊಂಡಿರುವ ಕೊನೆಯ ಸೆಲ್‌ಗೆ ಹೋಗಿ ನಿಲ್ಲುತ್ತದೆ. ನಮ್ಮ ಹಾಳೆಯಲ್ಲಿ ಅದು 8,76,001ನೇ ಸಾಲಿನಲ್ಲಿ ನಿಲ್ಲಬೇಕಿತ್ತು, ನಿಂತಿದ್ದು 10,48,576ರಲ್ಲಿ. ಈ ಅಂತರವೇ ಕತ್ತರಿಸಬೇಕಾದ ಭಾಗ. ಫಾರ್ಮುಲಾ ಪಟ್ಟಿಯ ಎಡತುದಿಯ ಹೆಸರಿನ ಪೆಟ್ಟಿಗೆಯಲ್ಲಿ ಹೀಗೆ ಬರೆದು ಎಂಟರ್ ಒತ್ತಿದರೆ ಆ ಸಾಲುಗಳೆಲ್ಲ ಆಯ್ಕೆಯಾಗುತ್ತವೆ:

```
876002:1048576
```

ಆಮೇಲೆ Ctrl ಮತ್ತು ಮೈನಸ್ ಒತ್ತಿ ಸಾಲುಗಳನ್ನೇ ಅಳಿಸಬೇಕು. ಕೀಬೋರ್ಡಿನ Delete ಕೀಲಿ ಒಳಗಿನ ಬರಹವನ್ನು ಮಾತ್ರ ಅಳಿಸುತ್ತದೆ, ಬಾರ್ಡರ್ ಉಳಿದು ಹೊರೆ ಹಾಗೇ ಇರುತ್ತದೆ. ಇಷ್ಟು ಸಾಲು ಒಂದೇ ಏಟಿಗೆ ಅಳಿಸುವುದಕ್ಕೂ ಮೆಮೊರಿ ಬೇಕು, ಏಕೆಂದರೆ ಹಿಂದಕ್ಕೆ ಪಡೆಯಲು ಅನುಕೂಲವಾಗಲೆಂದು ಎಕ್ಸೆಲ್ ಅಳಿಸಿದ್ದನ್ನೂ ಸ್ವಲ್ಪ ಹೊತ್ತು ಇಟ್ಟುಕೊಳ್ಳುತ್ತದೆ. ಮತ್ತೆ ಅದೇ ಸಂದೇಶ ಬಂದರೆ ತಳದಿಂದ ಮೇಲಕ್ಕೆ ಇಪ್ಪತ್ತೈದು ಸಾವಿರದ ಕಂತುಗಳಲ್ಲಿ ಅಳಿಸಿ, ಪ್ರತಿ ಕಂತಿಗೂ ಸೇವ್ ಮಾಡಿ. ಕೊನೆಗೆ ಸೇವ್ ಮಾಡಿ, ಮುಚ್ಚಿ, ತೆರೆದು ಮತ್ತೊಮ್ಮೆ Ctrl+End ಒತ್ತಿ ನೋಡಿ. ಹೊಸ ಮೈಕ್ರೋಸಾಫ್ಟ್ 365 ಇದ್ದವರಿಗೆ `Review` ಕೆಳಗೆ `Check Performance` ಎಂಬ ಗುಂಡಿಯಿದೆ. ಅಲಂಕಾರ ಮಾತ್ರ ಇರುವ ಖಾಲಿ ಸೆಲ್‌ಗಳನ್ನು ಅದೇ ಹುಡುಕಿ ತೆಗೆಯುತ್ತದೆ. ಖಾಲಿಯಂತೆ ಕಾಣುವ ಫಾರ್ಮುಲಾಗಳನ್ನು ಮಾತ್ರ ನೀವೇ ತೆಗೆಯಬೇಕು.

ಹಳೆಯ ಬಟವಾಡೆಗೆ ಫಾರ್ಮುಲಾ ಏಕೆ

ತಳ ಹೋದ ಮೇಲೂ 8,76,000 ಸಾಲುಗಳಲ್ಲಿ ತಲಾ ನಾಲ್ಕರಂತೆ 35,04,000 ಫಾರ್ಮುಲಾಗಳು ಉಳಿದವು. ಬರೀ ಸಂಖ್ಯೆ ಇರುವ ಸೆಲ್‌ಗಿಂತ ಫಾರ್ಮುಲಾ ಇರುವ ಸೆಲ್ ಹೆಚ್ಚು ಜಾಗ ಕೇಳುತ್ತದೆ. ಫಲಿತಾಂಶದ ಜೊತೆಗೆ ಸೂತ್ರವನ್ನೂ, ಯಾವ ಸೆಲ್ ಬದಲಾದರೆ ಯಾವುದನ್ನು ಮತ್ತೆ ಲೆಕ್ಕ ಹಾಕಬೇಕು ಎಂಬ ಸಂಬಂಧವನ್ನೂ ಅದು ನೆನಪಿಟ್ಟುಕೊಳ್ಳಬೇಕು.

ಈಗ ಒಂದು ಪ್ರಶ್ನೆ. ಮೂರು ವರ್ಷದ ಹಿಂದೆ ಹಣ ಕೊಟ್ಟು ಮುಗಿಸಿದ ಹಾಲಿನ ಮೊತ್ತವನ್ನು ಇವತ್ತು ಯಾಕೆ ಮತ್ತೆ ಲೆಕ್ಕ ಹಾಕಬೇಕು? ದರದ ಪಟ್ಟಿ ಬದಲಾದಾಗಲೆಲ್ಲ ಹಳೆಯ ಫಾರ್ಮುಲಾ ಹೊಸ ದರ ಎತ್ತಿಕೊಂಡು ಹಳೆಯ ಬಿಲ್ಲನ್ನೇ ತಿದ್ದಿಬಿಡುವ ಅಪಾಯವೂ ಇದೆ. ಬಟವಾಡೆ ಮುಗಿದ ಸಾಲುಗಳಲ್ಲಿ ದರ, ಮೊತ್ತ, ಪ್ರೋತ್ಸಾಹಧನ ಮೌಲ್ಯಗಳಾಗಿ ನಿಲ್ಲುವುದೇ ಲೆಕ್ಕಶಾಸ್ತ್ರಕ್ಕೂ ಸರಿ. ಆ ಭಾಗವನ್ನು ಕಾಪಿ ಮಾಡಿ, ಅದೇ ಜಾಗದಲ್ಲಿ `Paste Special`, `Values` ಕೊಡಿ. ನಡೆಯುತ್ತಿರುವ ಬಟವಾಡೆಯ ಸಾಲುಗಳಿಗೆ ಮಾತ್ರ ಫಾರ್ಮುಲಾ ಉಳಿಯಲಿ. ಯಾವ ತಾರೀಖಿನಿಂದ ಯಾವ ದರ ಇತ್ತು ಎಂಬ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಇಟ್ಟುಕೊಳ್ಳಿ. ಆಡಿಟ್ ಮಾಡುವವರು ಕೇಳಿದಾಗ ತೋರಿಸಲು ಅದು ಬೇಕು.

`A:B` ಎಂದು ಇಡೀ ಕಾಲಂ ಕೊಡುವುದೇ ತಪ್ಪು ಎಂಬ ಮಾತು ಪೂರ್ತಿ ನಿಜವಲ್ಲ. VLOOKUP, SUMIF ಥರದವು ಬಳಕೆಯಲ್ಲಿರುವ ಸಾಲುಗಳವರೆಗೆ ಮಾತ್ರ ಹೋಗಿ ನಿಲ್ಲುತ್ತವೆ. SUMPRODUCT ಮತ್ತು ಅರೇ ಫಾರ್ಮುಲಾಗಳಿಗೆ ಇಡೀ ಕಾಲಂ ಕೊಟ್ಟಾಗ ಹೊರೆ ಬೀಳುತ್ತದೆ. ಅಂಥವುಗಳಲ್ಲಿ ಸಾಲಿನ ಸಂಖ್ಯೆ ಬರೆದು ಗಡಿ ಹಾಕಬೇಕು.

ಐದನೇ ವರ್ಷದ ಗಂಡಾಂತರ

ಇಷ್ಟು ಮಾಡಿದರೆ ಫೈಲ್ ತೆರೆಯುತ್ತದೆ. ಆದರೆ ಅದೇ ಹಾಳೆಗೆ ಐದನೇ ವರ್ಷವನ್ನೂ ಸೇರಿಸಿದರೆ ಸಾಲುಗಳು 10,95,000 ಆಗುತ್ತವೆ. ಹಾಳೆಯಲ್ಲಿ ಅಷ್ಟು ಜಾಗವಿಲ್ಲ. ತಲೆಸಾಲೂ ಸೇರಿ 46,425 ಸಾಲು ಹೊರಗುಳಿಯುತ್ತವೆ, ಅಂದರೆ ಸುಮಾರು 77 ದಿನದ ಹಾಲು. ಅಂಥ ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದಾಗ ಎಚ್ಚರಿಕೆಯೊಂದು ಬರುತ್ತದೆ. ಅದನ್ನು ಓದದೆ ಸೇವ್ ಕೊಟ್ಟರೆ ಉಳಿದದ್ದು ಫೈಲಿನಿಂದಲೇ ಹೋಗುತ್ತದೆ. 2020ರ ಸೆಪ್ಟೆಂಬರ್ ಕೊನೆಯಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯಲ್ಲಿ ಇಂಥದೇ ನಷ್ಟ ಆಯಿತು. ಅಲ್ಲಿ ಬಳಸುತ್ತಿದ್ದುದು 65,536 ಸಾಲಿಗೆ ಮುಗಿದುಹೋಗುವ ಹಳೆಯ `.xls` ನಮೂನೆ. 15,841 ಕೋವಿಡ್ ಪ್ರಕರಣಗಳು ಸಮಯಕ್ಕೆ ಲೆಕ್ಕಕ್ಕೆ ಸಿಗಲಿಲ್ಲ. ಮೆಮೊರಿ ಸಾಲದು ಎಂಬ ಸಂದೇಶ ಕೆಲಸವನ್ನಾದರೂ ನಿಲ್ಲಿಸುತ್ತದೆ, ಈ ನಷ್ಟ ಕೆಲಸ ನಿಲ್ಲಿಸದೆಯೇ ಆಗಿಹೋಗುತ್ತದೆ.

ಆದ್ದರಿಂದ ದಾಖಲೆ ಇಡುವ ಜಾಗ ಬೇರೆ, ವರದಿ ನೋಡುವ ಜಾಗ ಬೇರೆ ಆಗಬೇಕು. ವರ್ಷಕ್ಕೊಂದು ಸಿಎಸ್‌ವಿ ಫೈಲ್ ಮಾಡಿ ಒಂದು ಫೋಲ್ಡರಿನಲ್ಲಿಡಿ. ವರದಿಯ ವರ್ಕ್‌ಬುಕ್‌ನಿಂದ ಆ ಫೋಲ್ಡರನ್ನು ಪವರ್ ಕ್ವೆರಿಗೆ ತೋರಿಸಿ, `Group By` ಬಳಸಿ ಸದಸ್ಯ ಮತ್ತು ತಿಂಗಳಿನಂತೆ ಒಟ್ಟು ಮಾಡಿ. ಮೂಲ ಸಾಲುಗಳ ಕ್ವೆರಿಗೆ `Only Create Connection` ಕೊಟ್ಟು, ಒಟ್ಟು ಮಾಡಿದ್ದನ್ನು ಮಾತ್ರ ಹಾಳೆಗೆ ಇಳಿಸಿ. 300 ಸದಸ್ಯರಿಗೆ ವರ್ಷಕ್ಕೆ 3,600 ಸಾಲು, ನಾಲ್ಕು ವರ್ಷಕ್ಕೆ 14,400. ಮೊದಲಿನದರ ಸುಮಾರು ಅರವತ್ತರಲ್ಲಿ ಒಂದು ಭಾಗ.

ಒಟ್ಟು ಮಾಡುವಾಗ ಫ್ಯಾಟ್ ವಿಷಯದಲ್ಲಿ ಎಚ್ಚರ ಬೇಕು. ಬೆಳಗ್ಗೆ 6 ಲೀಟರ್ 4.0 ಫ್ಯಾಟ್, ಸಂಜೆ 2 ಲೀಟರ್ 5.0 ಫ್ಯಾಟ್ ಇದ್ದರೆ `Average` 4.5 ಎನ್ನುತ್ತದೆ. ನಿಜವಾದ ಸರಾಸರಿ 4.25. ಲೀಟರನ್ನು ಫ್ಯಾಟ್‌ನಿಂದ ಗುಣಿಸಿದ ಒಂದು ಕಾಲಂ ಮೊದಲು ಮಾಡಿಕೊಂಡು, ಅದರ ಮೊತ್ತವನ್ನು ಒಟ್ಟು ಲೀಟರಿನಿಂದ ಭಾಗಿಸಬೇಕು.

ಉಳಿದ ಎರಡು ದಾರಿಗಳು

ಫೈಲನ್ನು `.xlsb` ನಮೂನೆಯಲ್ಲಿ ಸೇವ್ ಮಾಡಿ ಎಂಬ ಸಲಹೆ ಕೇಳಿರುತ್ತೀರಿ. ಅದು ಒಳ್ಳೆಯದೇ. ಪಠ್ಯದ ಬದಲು ಬೈನರಿಯಲ್ಲಿ ಬರೆಯುವುದರಿಂದ ಫೈಲ್ ಚಿಕ್ಕದಾಗುತ್ತದೆ, ತೆರೆಯುವುದು ಸೇವ್ ಮಾಡುವುದು ಬೇಗವಾಗುತ್ತದೆ. ಆದರೆ ತೆರೆದ ಮೇಲೆ ಮೆಮೊರಿಯಲ್ಲಿ ಕೂರುವುದು ಅವೇ ಸೆಲ್‌ಗಳು, ಅವೇ ಫಾರ್ಮುಲಾಗಳು. ಅಲ್ಲಿನ ಹೊರೆ ಹೆಚ್ಚೇನೂ ಇಳಿಯುವುದಿಲ್ಲ.

64-ಬಿಟ್ ಆಫೀಸ್ ಹಾಕಿಸುವುದು ಗೋಡೆಯನ್ನೇ ತೆಗೆದಂತೆ. ಅದಕ್ಕೆ ಮೊದಲು 32-ಬಿಟ್ ಆಫೀಸನ್ನು ಪೂರ್ತಿ ತೆಗೆದುಹಾಕಬೇಕು. ಹಳೆಯ 32-ಬಿಟ್ ಆಡ್-ಇನ್‌ಗಳು ಅದರಲ್ಲಿ ಓಡುವುದಿಲ್ಲ, ಕೆಲವು ಮ್ಯಾಕ್ರೋಗಳನ್ನು ತಿದ್ದಬೇಕಾಗುತ್ತದೆ. ಸಂಘದ ಕಂಪ್ಯೂಟರಿನಲ್ಲಿ ಅಂಥ ಆಡ್-ಇನ್ ಏನಾದರೂ ಇದೆಯೇ ಎಂದು ಮೊದಲೇ ವಿಚಾರಿಸಿ. ಗೋಡೆ ಹೋದ ಮೇಲೆ ಹೊರೆ ನೇರವಾಗಿ ರ‍್ಯಾಮ್ ಮೇಲೆ ಬೀಳುತ್ತದೆ. ರ‍್ಯಾಮ್ ಹಾಕಿಸುವ ಮಾತಿಗೆ ಅರ್ಥ ಬರುವುದು ಆಗ.

ಯಾವ ದಾರಿ ಹಿಡಿದರೂ ಮಾಡಲೇಬೇಕಾದ ಪರೀಕ್ಷೆ ಒಂದಿದೆ. ಭಾರ ಇಳಿಸುವ ಮೊದಲು ಹಳೆಯ ಫೈಲಿನ ಮೂರು ಅಂಕಿಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ: ದಾಖಲೆ ಇರುವ ಸಾಲುಗಳ ಸಂಖ್ಯೆ, ಒಟ್ಟು ಲೀಟರ್, ಒಟ್ಟು ಮೊತ್ತ. ಕೆಲಸ ಮುಗಿದ ಮೇಲೆ ಮೂರೂ ಪೈಸೆ ಪೈಸೆ ತಾಳೆಯಾಗಬೇಕು. ಮೊತ್ತ ಮಾತ್ರ ತಪ್ಪಿದರೆ ಫಾರ್ಮುಲಾ ಯಾವುದೋ ಹೊಸ ದರ ಎತ್ತಿಕೊಂಡಿದೆ. ಸಾಲುಗಳ ಸಂಖ್ಯೆಯೇ ತಪ್ಪಿದರೆ ಯಾರದೋ ಹಾಲು ಕತ್ತರಿಸಿಹೋಗಿದೆ. ಮೂರೂ ಕೂಡುವವರೆಗೆ ಹಳೆಯ ಫೈಲನ್ನು ಅಳಿಸಬೇಡಿ.